ಫ್ಲಿಪ್‌ಕಾರ್ಟ್ ಷೇರು, ಮಾರಿಷಸ್ ವಿಳಾಸ: ತೆರಿಗೆ ಕಾನೂನು ನೋಡುವುದು ಕಾಗದವನ್ನೋ, ವಾಸ್ತವವನ್ನೋ?

ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರುಗಳನ್ನು ಅಮೆರಿಕದ ವಾಲ್‌ಮಾರ್ಟ್ 2018ರಲ್ಲಿ ಸುಮಾರು 1,600 ಕೋಟಿ ಡಾಲರ್ ತೆತ್ತು ಪಡೆಯಿತು. ಆಗ ತಮ್ಮ ಪಾಲು ಮಾರಿದವರಲ್ಲಿ ಟೈಗರ್ ಗ್ಲೋಬಲ್ ಹೆಸರಿನ ಮೂರು ಕಂಪನಿಗಳೂ ಇದ್ದವು. ಅವುಗಳ ಹಿಂದಿದ್ದ ಹೂಡಿಕೆ ಸಂಸ್ಥೆ ಅಮೆರಿಕದ್ದು, ಅವುಗಳ ನೋಂದಣಿ ಮಾರಿಷಸ್‌ನಲ್ಲಿ. ಅವು ಮಾರಿದ್ದು ಬೆಂಗಳೂರಿನ ಕಂಪನಿಯ ಷೇರುಗಳನ್ನಲ್ಲ, ಅದರ ಮೇಲಿದ್ದ ಸಿಂಗಪುರದ ಕಂಪನಿಯ ಷೇರುಗಳನ್ನು. ಕೊಂಡದ್ದು ಲಕ್ಸೆಂಬರ್ಗ್‌ನ ಕಂಪನಿ. ವ್ಯವಹಾರದ ಪತ್ರಗಳನ್ನಷ್ಟೇ ನೋಡಿದರೆ ಭಾರತದ ಸುಳಿವೇ ಇಲ್ಲ. ಷೇರುಗಳಿಗೆ ಬೆಲೆ ಬಂದದ್ದು ಮಾತ್ರ ಭಾರತದ ಗ್ರಾಹಕರಿಂದ.

ವಿದೇಶಿ ಕಂಪನಿಯ ಷೇರಿನ ಮೌಲ್ಯ ಗಣನೀಯವಾಗಿ ಭಾರತದ ಆಸ್ತಿಯಿಂದ ಬಂದಿದ್ದರೆ ಆ ಷೇರು ಭಾರತದಲ್ಲಿಯೇ ಇದೆಯೆಂದು ಪರಿಗಣಿಸುವ ತಿದ್ದುಪಡಿಯನ್ನು ವೋಡಾಫೋನ್ ಪ್ರಕರಣದ ತೀರ್ಪಿನ ನಂತರ, 2012ರಲ್ಲಿ, ಸಂಸತ್ತು ತಂದಿತ್ತು. ಆದ್ದರಿಂದ ದೇಶದ ಕಾನೂನಿನ ಪ್ರಕಾರ ಈ ಲಾಭಕ್ಕೆ ತೆರಿಗೆ ಬೀಳಬೇಕಿತ್ತು. ಕಂಪನಿಗಳಿಗೆ ಉಳಿದಿದ್ದ ಆಸರೆ ಭಾರತ-ಮಾರಿಷಸ್ ತೆರಿಗೆ ಒಪ್ಪಂದ. ಅದರಂತೆ ಮಾರಿಷಸ್ ನಿವಾಸಿಗೆ ಷೇರು ಮಾರಾಟದಿಂದ ಬಂದ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಮಾರಿಷಸ್‌ಗೇ ಸೇರಿತ್ತು. ಮಾರಿಷಸ್ ಅದನ್ನು ಹಾಕುತ್ತಿರಲಿಲ್ಲ. ಅಲ್ಲಿನ ಸರ್ಕಾರ ನೀಡುವ ನಿವಾಸ ಪ್ರಮಾಣಪತ್ರವೇ ಸಾಕೆಂದು ಕೇಂದ್ರ ನೇರ ತೆರಿಗೆ ಮಂಡಳಿ 2000ದಲ್ಲಿ ಸುತ್ತೋಲೆ ಹೊರಡಿಸಿತ್ತು, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಒಪ್ಪಂದಕ್ಕೆ 2016ರಲ್ಲಿ ತಿದ್ದುಪಡಿಯಾದಾಗಲೂ 2017ರ ಏಪ್ರಿಲ್ 1ಕ್ಕೆ ಮೊದಲು ಕೊಂಡ ಷೇರುಗಳಿಗೆ ರಕ್ಷಣೆ ಮುಂದುವರಿಯಿತು. ಟೈಗರ್ ಗ್ಲೋಬಲ್ ತನ್ನ ಷೇರುಗಳನ್ನು ಕೊಂಡದ್ದು 2011ರಿಂದ 2015ರ ನಡುವೆ. ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಕಾಗದದ ಹಿಂದೆ ಏನಿದೆಯೆಂದು ನೋಡಿದ್ದು ಮುಂಗಡ ತೀರ್ಪು ಪ್ರಾಧಿಕಾರ. 2020ರ ಮಾರ್ಚ್‌ನಲ್ಲಿ ಕಂಪನಿಗಳ ಅರ್ಜಿ ತಳ್ಳಿಹಾಕುವಾಗ ಅದು ಗಮನಿಸಿದ ಒಂದು ಅಂಶ ಸರಳವಾದದ್ದು: ಚೆಕ್ಕಿಗೆ ಸಹಿ ಹಾಕುವವರು ಯಾರು? ಎರಡೂವರೆ ಲಕ್ಷ ಡಾಲರ್ ಮೀರಿದ ಮೊತ್ತ ಹೊರಹೋಗಬೇಕಾದರೆ ಮಾರಿಷಸ್‌ನ ನಿರ್ದೇಶಕರ ಸಹಿ ಸಾಲುತ್ತಿರಲಿಲ್ಲ, ಅಮೆರಿಕದಲ್ಲಿದ್ದ ವ್ಯಕ್ತಿಯ ಸಹಿಯೂ ಬೇಕಿತ್ತು. ನಿಯಂತ್ರಣ ಎಲ್ಲಿತ್ತೆಂಬುದಕ್ಕೆ ಪ್ರಾಧಿಕಾರಕ್ಕೆ ಇದೊಂದು ಮುಖ್ಯ ಸಾಕ್ಷ್ಯವಾಯಿತು. ರೂಪಕ್ಕಿಂತ ಸಾರ ಮುಖ್ಯ ಎಂಬ ತತ್ತ್ವ ನಡೆಯುವುದು ಹೀಗೆಯೇ. ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂಬುದರ ಜೊತೆಗೆ ನಿರ್ಧಾರ ಯಾರದು, ಹಣ ಯಾರ ಮಾತಿನಂತೆ ಚಲಿಸುತ್ತದೆ ಎಂಬ ಪ್ರಶ್ನೆಗಳೂ ಏಳುತ್ತವೆ.

ನ್ಯಾಯಾಲಯಗಳು ಬಳಸುತ್ತಿದ್ದ ಈ ತತ್ತ್ವಕ್ಕೆ ಶಾಸನದ ರೂಪ ಕೊಟ್ಟದ್ದು ‘ಗಾರ್’ ಎಂದು ಕರೆಯಲಾಗುವ ಸಾಮಾನ್ಯ ತೆರಿಗೆ ತಪ್ಪಿಸುವಿಕೆ ನಿಗ್ರಹ ನಿಯಮಗಳು. ಇವು 2017ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ತೆರಿಗೆ ಉಳಿಯಿತೆಂಬ ಮಾತ್ರಕ್ಕೆ ಇವು ಅನ್ವಯವಾಗುವುದಿಲ್ಲ. ವ್ಯವಸ್ಥೆಯ ಮುಖ್ಯ ಉದ್ದೇಶವೇ ತೆರಿಗೆ ಲಾಭವಾಗಿರಬೇಕು. ಅದರ ಜೊತೆಗೆ ಅದರಲ್ಲಿ ವಾಣಿಜ್ಯ ಸಾರ ಇಲ್ಲದಿರುವುದು, ಕಾನೂನಿನ ದುರುಪಯೋಗ ಇಂತಹ ದೋಷಗಳಲ್ಲಿ ಒಂದಾದರೂ ಇರಬೇಕು. ತೆರಿಗೆ ಲಾಭದ ಹೊರತು ಬೇರೆ ಗಟ್ಟಿ ವ್ಯಾಪಾರ ಕಾರಣವಿಲ್ಲದೆ ಒಂದು ದೇಶದ ವಿಳಾಸ ಆರಿಸಿಕೊಂಡಿದ್ದರೆ ಅಲ್ಲಿ ವಾಣಿಜ್ಯ ಸಾರವಿಲ್ಲ ಎಂದೇ ಲೆಕ್ಕ. ತೆರಿಗೆ ಉಳಿಸಲು ಪಿಪಿಎಫ್ ಖಾತೆಗೆ ಹಣ ಕಟ್ಟುವವರು ಇದಕ್ಕೆ ಅಂಜಬೇಕಿಲ್ಲ, ಅದು ಕಾನೂನೇ ಕೊಟ್ಟ ದಾರಿ. ಅಲ್ಲದೆ ವರ್ಷದ ಒಟ್ಟು ತೆರಿಗೆ ಲಾಭ 3 ಕೋಟಿ ರೂಪಾಯಿ ಮೀರದಿದ್ದರೆ ಈ ನಿಯಮಗಳು ಅನ್ವಯಿಸುವುದಿಲ್ಲವೆಂಬ ಮಿತಿಯೊಂದಿಗೇ ಅವು ಜಾರಿಗೆ ಬಂದವು.

ದೆಹಲಿ ಹೈಕೋರ್ಟ್ 2024ರ ಆಗಸ್ಟ್‌ನಲ್ಲಿ ಪ್ರಾಧಿಕಾರದ ಆದೇಶ ರದ್ದುಮಾಡಿತು. ದೊಡ್ಡ ಹೂಡಿಕೆ ಗುಂಪಿನ ಅಂಗಸಂಸ್ಥೆಯ ಮೇಲೆ ಮೂಲ ಸಂಸ್ಥೆಯ ನಿಗಾ ಇರುವುದು ಸಹಜ, ಅದೊಂದೇ ಕಾರಣಕ್ಕೆ ಅದನ್ನು ಬರಿಯ ಮುಖವಾಡ ಎನ್ನಲಾಗದು ಎಂಬುದು ಅದರ ನಿಲುವು. ಸುಪ್ರೀಂ ಕೋರ್ಟ್ 2026ರ ಜನವರಿಯಲ್ಲಿ ಇದನ್ನು ತಿರುಗಿಸಿತು. ಬದಲಾದ ಕಾನೂನಿನಲ್ಲಿ ನಿವಾಸ ಪ್ರಮಾಣಪತ್ರವೇ ಕೊನೆಯ ಮಾತಲ್ಲ, ಷೇರುಗಳನ್ನು 2017ಕ್ಕೆ ಮೊದಲೇ ಕೊಂಡಿದ್ದರೂ ತೆರಿಗೆ ಲಾಭ ಆ ಬಳಿಕ ದಕ್ಕಿದ್ದರೆ ವ್ಯವಸ್ಥೆಯನ್ನು ಪರಿಶೀಲಿಸಬಹುದು ಎಂದಿತು.

ಎರಡನೆಯ ಮಾತು ಹೂಡಿಕೆದಾರರನ್ನು ಹೆಚ್ಚು ಕಾಡುವಂಥದಾಗಿತ್ತು. ‘ಗಾರ್’ ನಿಯಮಗಳಲ್ಲಿಯೇ ಒಂದು ಉಪನಿಯಮ ಹಳೆಯ ಹೂಡಿಕೆಗೆ ರಕ್ಷಣೆ ನೀಡುತ್ತಿತ್ತು. ಅದರ ಬೆನ್ನಿಗಿದ್ದ ಇನ್ನೊಂದು, ವ್ಯವಸ್ಥೆ ಯಾವ ದಿನಾಂಕದ್ದಾದರೂ 2017ರ ಏಪ್ರಿಲ್ ನಂತರದ ತೆರಿಗೆ ಲಾಭಕ್ಕೆ ನಿಯಮ ತಗಲುತ್ತದೆ ಎನ್ನುತ್ತಿತ್ತು. ಮೊದಲನೆಯದನ್ನು ಓದಿ ಹಣ ಹೂಡಿದವರ ಲೆಕ್ಕವನ್ನು ಎರಡನೆಯದು ತಪ್ಪಿಸಿತು. ಚೆಕ್ಕಿನ ಸಹಿಯ ವಿಷಯದಲ್ಲಿ ತೆರಿಗೆ ಇಲಾಖೆಯ ವಾದ ಬಲವಾಗಿಯೇ ಇತ್ತೆನ್ನಬೇಕು. ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು, ಯಾವುದು ಮೇಲೆಂದು ತಿಳಿಯಲು ಮಾರಾಟವಾಗಿ ಏಳು ವರ್ಷಕ್ಕೂ ಹೆಚ್ಚು ಕಾಲ ಕಾಯುವಂತೆ ಮಾಡಿದ ನಿಯಮ ರಚನೆಯನ್ನು ಸಮರ್ಥಿಸುವುದು ಕಷ್ಟ.