ತಾಯಿ ಕಾರ್ಡಿನಲ್ಲಿ ತಪ್ಪಿದ ಲಸಿಕೆ ಹುಡುಕುವುದು ಹೇಗೆ?

ನಾನು ಹೃದಯದ ಡಾಕ್ಟರ್, ಮಕ್ಕಳ ಡಾಕ್ಟರ್ ಅಲ್ಲ. ಆದರೂ ಇದನ್ನು ಬರೆಯಲು ಕಾರಣವಿದೆ.

ಜುಲೈ 9ರಂದು ಪುಣೆಯಲ್ಲಿ ಬಿಪಿ ತೋರಿಸಲು ಬಂದ ಕಲಬುರಗಿ ಕಡೆಯ ಅಜ್ಜರೊಬ್ಬರ ಫೈಲಿನಲ್ಲಿ ಮೊಮ್ಮಗಳ ತಾಯಿ ಕಾರ್ಡ್ ಇತ್ತು. ಮಗು ಹುಟ್ಟಿದ್ದು ಜನವರಿ 5ಕ್ಕೆ, ಸೊಸೆಯ ತವರಿನಲ್ಲಿ. "ಎಲ್ಲಾ ಹಾಕ್ಸೀವ್ರಿ ಸರ್" ಎಂದರು ಸೊಸೆ. ಪೆಂಟಾ-2ರ ಚೌಕದಲ್ಲಿ ಮಾರ್ಚ್ 20 ಎಂದಿತ್ತು, ನಿಜ. ಆದರೆ ಪೆನ್ಸಿಲಿನಲ್ಲಿ! ಅದು ಹಾಕಿದ ದಿನವಲ್ಲ, ಹಾಕಿಸಬೇಕಾದ ದಿನ. ಆ ದಿನ ಅವರು ಪುಣೆಗೆ ಬರುವ ರೈಲಿನಲ್ಲಿದ್ದರಂತೆ.

ಹಾಗಾಗಿ ಮೊದಲು ಮಗುವಿನ ಹುಟ್ಟಿದ ದಿನಾಂಕ ನೋಡಿ. ಸರ್ಕಾರಿ ಪಟ್ಟಿಯಂತೆ ಪೆಂಟಾ, ರೋಟಾ ಮತ್ತು ಪೋಲಿಯೊ ಹನಿಗಳನ್ನು 6, 10, 14 ವಾರಕ್ಕೆ ಕೊಡುತ್ತಾರೆ. ಮೂರಕ್ಕೂ ಮೂರು ಮೂರು ಚೌಕ ಇರಬೇಕು, ಪ್ರತಿಯೊಂದರಲ್ಲೂ ಕೊಟ್ಟ ದಿನಾಂಕ ಇರಬೇಕು. ಪಲ್ಸ್ ಪೋಲಿಯೊ ಭಾನುವಾರ ಬೂತಿನಲ್ಲಿ ಹಾಕಿಸಿದ ಹನಿ ಈ ಲೆಕ್ಕಕ್ಕೆ ಬರುವುದಿಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಈ ಮಗುವಿಗೆ ಮೊದಲ ಡೋಸ್ ಫೆಬ್ರವರಿ 20ಕ್ಕೆ ಆಗಿತ್ತು, ಆಮೇಲೆ ಏನೂ ಇಲ್ಲ. "ಮತ್ತೆ ಮೊದಲಿಂದ ಹಾಕಿಸಬೇಕೇನ್ರಿ?" ಎಂದು ಅಜ್ಜ ಗಾಬರಿಯಾದರು. ಬೇಕಿಲ್ಲ. ಎಷ್ಟೇ ತಡವಾದರೂ ಕೊಟ್ಟ ಡೋಸ್ ಲೆಕ್ಕದಲ್ಲಿ ಉಳಿಯುತ್ತದೆ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಆದರೆ ತಪ್ಪಿದ ಎರಡು ಡೋಸನ್ನು ಒಂದೇ ದಿನ ಕೊಡುವಂತಿಲ್ಲ, ನಡುವೆ ಕನಿಷ್ಠ 4 ವಾರ ಬೇಕು.

ಮರುದಿನ, ಜುಲೈ 10ಕ್ಕೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಎರಡನೇ ಡೋಸ್ ಆಯಿತು. ಕರ್ನಾಟಕದ ಕಾರ್ಡ್ ಅಂತ ಯಾರೂ ತಕರಾರು ಮಾಡಲಿಲ್ಲ, ದುಡ್ಡೂ ಇಲ್ಲ. 14 ವಾರಕ್ಕೆ ಬರಬೇಕಿದ್ದ ಪೋಲಿಯೊ ಇಂಜೆಕ್ಷನ್ ಮತ್ತು ನ್ಯುಮೋನಿಯಾ ಲಸಿಕೆ (ಪಿಸಿವಿ) ಸಹ ಅಂದೇ ಹಾಕಿದರು. ಇವು ಬೇರೆ ಬೇರೆ ಲಸಿಕೆಗಳಾದ್ದರಿಂದ ಒಂದೇ ದಿನ ಕೊಡಬಹುದು. ಮೂರನೇ ಪೆಂಟಾ ಇತ್ಯಾದಿಗೆ 28 ದಿನ ಎಣಿಸಿ, ಆಗಸ್ಟ್ 7 ಎಂದು ಬರೆದುಕೊಟ್ಟರು.

ಮುಂದಿನದ್ದಕ್ಕೆ ಲೆಕ್ಕ ಬೇರೆ. ದಡಾರ-ರುಬೆಲ್ಲಾ ಲಸಿಕೆ, ಅಂದರೆ ಎಂ.ಆರ್., 9 ತಿಂಗಳು ತುಂಬಿದ ಮೇಲೆ. ಪೆಂಟಾ ತಡವಾಯಿತೆಂದು ಇದನ್ನು ಮುಂದೂಡಬಾರದು. ಈ ಮಗುವಿಗೆ ಅದು ಅಕ್ಟೋಬರ್ 5ರ ನಂತರ.

ಹೃದಯದ ಡಾಕ್ಟರಿಗೆ ಇದೆಲ್ಲ ಯಾಕೆ ಅಂದಿರಾ? ಪೆಂಟಾ ತಡೆಯುವ ಐದು ಕಾಯಿಲೆಗಳಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಒಂದು. ಅದರ ವಿಷ ಗಂಟಲಿನಿಂದ ಹೃದಯದ ಸ್ನಾಯುವಿಗೆ ಇಳಿಯುತ್ತದೆ. ಗಂಟಲು ವಾಸಿಯಾಗುತ್ತಿದೆ ಅನ್ನುವ ಹೊತ್ತಿಗೆ ಹೃದಯದ ಬಡಿತ ತಪ್ಪಿ ಮಗು ಕೈಬಿಟ್ಟು ಹೋಗಬಹುದು. ಒಂದು ಡೋಸ್ ಅದಕ್ಕೆ ಸಾಲದು. ಮೂರು ಆಗಬೇಕು, ಆಮೇಲೆ 16ರಿಂದ 24 ತಿಂಗಳೊಳಗೆ ಡಿಪಿಟಿ ಬೂಸ್ಟರ್, 5-6 ವರ್ಷಕ್ಕೆ ಇನ್ನೊಂದು. ಈ ಕೊನೆಯ ಚೌಕವೇ ಹೆಚ್ಚಾಗಿ ಖಾಲಿ ಇರುವುದನ್ನು ನಾನು ನೋಡಿದ್ದೇನೆ. ಶಾಲೆಗೆ ಸೇರಿಸುವಾಗ ಕಾರ್ಡ್ ತೆಗೆದರೆ ಅದನ್ನೂ ನೋಡಿ.

ಸೊಸೆ ಪೆನ್ಸಿಲಿನ ಮಾರ್ಚ್ 20 ಅಳಿಸಿಸಿ, ಪೆನ್ನಿನಲ್ಲಿ ಜುಲೈ 10 ಬರೆಸಿಕೊಂಡು, ಕಾರ್ಡಿನ ಫೋಟೋ ತೆಗೆದು ತವರಿನ ಗ್ರೂಪಿಗೂ ಹಾಕಿದರಂತೆ.