ಬಸುರಿಯ ಮೊಡವೆಗೆ ಯಾವ ಮುಲಾಮು?

ಬಸುರಿಯಾದ ಹೆಣ್ಣುಮಗಳ ಕೂದಲು ದಟ್ಟವಾಗುತ್ತದೆ, ಉಗುರು ಬೇಗ ಬೆಳೆಯುತ್ತದೆ, ಕೆಲವರ ಮುಖದ ಮೇಲೆ ಮೊಡವೆಗಳು ಏಳುತ್ತವೆ. ಮೊದಲಿನ ಎರಡಕ್ಕೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. ಮೂರನೆಯದಕ್ಕೆ ಮಾತ್ರ ಅಂಗಡಿಯಿಂದ ಮುಲಾಮು ಮನೆಗೆ ಬರುತ್ತದೆ. ಆದುದರಿಂದ ನಾವು ಇಲ್ಲಿ ಅದನ್ನೇ ಹೆಚ್ಚಾಗಿ ಪರಿಶೀಲಿಸೋಣ.

ತಲೆಯ ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಅನಂತರ ಉದುರುತ್ತದೆ. ಗರ್ಭಕಾಲದ ರಸದೂತಗಳು ಬೆಳವಣಿಗೆಯ ಅವಧಿಯನ್ನು ಹಿಗ್ಗಿಸುವುದರಿಂದ, ಉದುರಬೇಕಾದ ಕೂದಲು ತಲೆಯಲ್ಲಿಯೇ ಉಳಿಯುತ್ತದೆ. ಹೆರಿಗೆಯಾದ ಎರಡರಿಂದ ನಾಲ್ಕು ತಿಂಗಳಲ್ಲಿ ಹಾಗೆ ಉಳಿದದ್ದೆಲ್ಲ ಒಟ್ಟಿಗೆ ಉದುರತೊಡಗುತ್ತದೆ. ಬಾಣಂತಿ ಎರೆದುಕೊಂಡಾಗ ಹಿಡಿಹಿಡಿಯಾಗಿ ಕೂದಲು ಬರುವುದು ಇದರಿಂದಲೇ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಅದು ಮೊದಲಿನಂತಾಗುತ್ತದೆ. ಆಮೇಲೂ ಉದುರುವುದು ನಿಲ್ಲದಿದ್ದರೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಉಗುರು ಬೇಗ ಬೆಳೆದರೂ ಕೆಲವರಲ್ಲಿ ಮೆತ್ತಗಾಗಿ ಸೀಳುತ್ತದೆ. ಗಿಡ್ಡಗೆ ಕತ್ತರಿಸಿ, ಪಾತ್ರೆ ತೊಳೆದ ಮೇಲೆ ಕೈ ಒರೆಸಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಉಗುರಿನ ಸುತ್ತ ಕೀವಾದರೆ ಅಥವಾ ಉಗುರು ದಪ್ಪನಾಗಿ ಹಳದಿಯಾದರೆ ವೈದ್ಯರಿಗೆ ತೋರಿಸಬೇಕು.

ಇನ್ನು ಮೊಡವೆ. ಗರ್ಭಕಾಲದಲ್ಲಿ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಕೆಲಸಮಾಡುತ್ತವೆ. ಜಿಡ್ಡು ರಂಧ್ರದಲ್ಲಿ ಕಟ್ಟಿಕೊಂಡು ಮೊಡವೆಯಾಗುತ್ತದೆ. ಕಡ್ಡಿರಾಂಪುರದ ಒಂದು ಮನೆಯ ಸೊಸೆಗೆ ಎರಡು ತಿಂಗಳು ಎಂದು ಭಾವಿಸೋಣ. ಮುಖದಲ್ಲಿ ಮೊಡವೆ, ಕೆನ್ನೆಯ ಮೇಲೆ ಬಂಗು. ನಾದಿನಿಗೆ ಒಳ್ಳೆಯ ಗುಣ ತೋರಿದ ಟ್ಯೂಬನ್ನು ಹೊಸಪೇಟೆಯ ಔಷಧಿ ಅಂಗಡಿಯಿಂದ ತರಿಸಿಕೊಂಡಿದ್ದಾಳೆ. ಅವಳು ನೋಡಬೇಕಾದುದು ಟ್ಯೂಬಿನ ದೊಡ್ಡ ಅಕ್ಷರದ ಹೆಸರನ್ನಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಿಸಿದ ಔಷಧಗಳ ಹೆಸರನ್ನು. ಅಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್ ಎಂಬ ಮೂರು ಹೆಸರುಗಳಿವೆ. ಬಂಗಿಗೆ ಕೊಡುವ ಈ ಮಿಶ್ರಣ ಬಸುರಿಗೆ ಸಲ್ಲದು. ಮೊದಲನೆಯದನ್ನು ಚರ್ಮವು ಗಣನೀಯ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ. ಎರಡನೆಯದು ‘ಎ’ ಜೀವಸತ್ವದ ಗುಂಪಿಗೆ ಸೇರಿದ್ದು. ಮೂರನೆಯದು ಸ್ಟೀರಾಯ್ಡ್, ಅದೇ ದಿನ ಕಳೆದಂತೆ ಮೊಡವೆಯನ್ನು ಹೆಚ್ಚಿಸುತ್ತದೆ. ಅಡಾಪಲೀನ್ ಮತ್ತು ಟಾಜರೋಟೀನ್ ಎಂಬ ಮುಲಾಮುಗಳೂ ಅದೇ ‘ಎ’ ಜೀವಸತ್ವದ ಬಳಗದವು, ಅವನ್ನೂ ಬಿಡಬೇಕು.

ಅವಳು ಈಗಾಗಲೇ ನಾಲ್ಕು ದಿನ ಹಚ್ಚಿಕೊಂಡಿದ್ದರೆ? ಕೂಡಲೆ ನಿಲ್ಲಿಸಿ ಮುಂದಿನ ತಪಾಸಣೆಯಲ್ಲಿ ತಿಳಿಸಬೇಕು. ಮುಖಕ್ಕೆ ಹಚ್ಚಿದ ಟ್ರೆಟಿನೋಯಿನ್ ರಕ್ತಕ್ಕೆ ಸೇರುವುದು ಬಹಳ ಅಲ್ಪ. ಗಾಬರಿಯಾಗಿ ಗರ್ಭದ ಆಸೆ ಬಿಡಬೇಕಾಗಿಲ್ಲ. ಆದರೆ ನುಂಗುವ ಐಸೋಟ್ರೆಟಿನೋಯಿನ್ ಗುಳಿಗೆಯ ವಿಷಯ ಬೇರೆ. ಅಮೆರಿಕದಲ್ಲಿ 1982ರಲ್ಲಿ ಮಾರಾಟಕ್ಕೆ ಬಂದ ಈ ಔಷಧದಿಂದ ಶಿಶುಗಳ ಕಿವಿ, ಹೃದಯ, ಮಿದುಳುಗಳಲ್ಲಿ ದೋಷ ಉಂಟಾಗುವುದು ಮರುವರ್ಷವೇ ಕಂಡುಬಂದಿತು. ಗರ್ಭ ಧರಿಸುವ ಒಂದು ತಿಂಗಳು ಮೊದಲೇ ಇದನ್ನು ನಿಲ್ಲಿಸಿರಬೇಕು. ತಿಳಿಯದೆ ಸೇವಿಸಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್ ಗುಳಿಗೆಗಳೂ ಬೇಡ; ಐದನೆಯ ತಿಂಗಳಿನಿಂದ ಅವು ಮಗುವಿನ ಹಲ್ಲಿಗೆ ಶಾಶ್ವತವಾದ ಕಲೆಯನ್ನುಂಟುಮಾಡಬಲ್ಲವು.

ಹಾಗಾದರೆ ಯಾವುದು ಯೋಗ್ಯ? ಬೆನ್ಜಾಯಿಲ್ ಪೆರಾಕ್ಸೈಡ್, ಅಜೆಲಾಯಿಕ್ ಆಮ್ಲ, ಕ್ಲಿಂಡಮೈಸಿನ್ ಈ ಮೂರು ಹಚ್ಚುವ ಔಷಧಗಳನ್ನು ವೈದ್ಯರು ಗರ್ಭಿಣಿಯರಿಗೆ ಕೊಡುತ್ತಾರೆ. ನಮ್ಮ ಸೊಸೆಗೆ ಅಜೆಲಾಯಿಕ್ ಆಮ್ಲ ಹೆಚ್ಚು ಹೊಂದುತ್ತದೆ. ಅದು ಮೊಡವೆಯೊಡನೆ ಬಂಗನ್ನೂ ತಿಳಿಗೊಳಿಸುತ್ತದೆ. ಬೆನ್ಜಾಯಿಲ್ ಪೆರಾಕ್ಸೈಡ್ ಆದರೆ ಶೇಕಡಾ 2.5ರ ಪ್ರಮಾಣದಿಂದ ಆರಂಭಿಸುವುದು ಲೇಸು. ರಾತ್ರಿ ಮುಖ ತೊಳೆದು, ಒಣಗಿದ ಮೇಲೆ ಕಡಲೆಕಾಳಿನಷ್ಟು ತೆಗೆದು ತೆಳುವಾಗಿ ಸವರಬೇಕು. ಇದು ಬಟ್ಟೆಯ ಬಣ್ಣ ಕಳೆಯುವುದರಿಂದ ದಿಂಬಿಗೆ ಬಿಳಿಯ ಗವಸು ಇರಲಿ. ಕ್ಲಿಂಡಮೈಸಿನ್ ಒಂದನ್ನೇ ಬಹುಕಾಲ ಹಚ್ಚಿದರೆ ರೋಗಾಣುಗಳು ಅದಕ್ಕೆ ಒಗ್ಗಿಹೋಗುತ್ತವೆ. ಆದುದರಿಂದ ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆಗೂಡಿಸುವುದು ರೂಢಿ. ಗುಣ ತೋರಲು ಆರೆಂಟು ವಾರ ಬೇಕು. ಅಲ್ಲಿಯವರೆಗೆ ದಿನಕ್ಕೊಂದು ಮುಲಾಮು ಬದಲಿಸಿದರೆ ಚರ್ಮ ಉರಿಯುವುದೇ ಹೊರತು ಮೊಡವೆ ಇಳಿಯದು.

ಒಂದು ಎಚ್ಚರಿಕೆ: ಮೊಡವೆ ಹೆಚ್ಚಾಗಿ ತುರಿಸುವುದಿಲ್ಲ. ದಿನ ತುಂಬುತ್ತ ಬಂದಾಗ ಅಂಗೈ, ಅಂಗಾಲುಗಳಲ್ಲಿ ರಾತ್ರಿ ನಿದ್ದೆಗೆಡಿಸುವ ತುರಿಕೆ ಬಂದರೆ ಅದು ಪಿತ್ತಜನಕಾಂಗದ ತೊಂದರೆಯಿರಬಹುದು. ಆಗ ಮುಲಾಮು ಹಚ್ಚುತ್ತ ಕೂರದೆ ರಕ್ತಪರೀಕ್ಷೆ ಮಾಡಿಸಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ನಾಲ್ಕನೆಯ ತಿಂಗಳಿನಿಂದ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅಂದು ತಾಯಿ ಕಾರ್ಡಿನೊಡನೆ ಮನೆಯಲ್ಲಿರುವ ಟ್ಯೂಬು, ಗುಳಿಗೆಗಳನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ, ಒಂದೊಂದನ್ನೂ ತೋರಿಸಿ ಕೇಳಿ ಬರುವುದು ಒಳ್ಳೆಯದು.