ಹತ್ತು ಮಿಲಿವೋಲ್ಟ್ ಹಿಗ್ಗಿಸುವ ಕೆಲಸ

ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆ ಎತ್ತಿ ನೋಡಿದರೆ ಅಡಿಯಲ್ಲಿ ಒಂದು ಲೋಹದ ತುಂಡು ಕಾಣುತ್ತದೆ. ಅದೇ ಲೋಡ್ ಸೆಲ್. ಅದಕ್ಕೆ ಅಂಟಿಸಿದ ನಾಲ್ಕು ಸ್ಟ್ರೇನ್ ಗೇಜ್‌ಗಳು ಸೇರಿ ಒಂದು ವೀಟ್‌ಸ್ಟನ್ ಬ್ರಿಡ್ಜ್. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎರಡು ಗೇಜ್‌ಗಳ ರೋಧ ಚೂರು ಏರುತ್ತದೆ, ಇನ್ನೆರಡರದು ಇಳಿಯುತ್ತದೆ.

ಎಷ್ಟು ಚೂರು? 40 ಕೆ.ಜಿ.ಯ ಸೆಲ್ಲಿನ ಮೇಲೆ ವೋಲ್ಟಿಗೆ 2 ಮಿಲಿವೋಲ್ಟ್ ಎಂದು ಬರೆದಿದೆ ಎನ್ನೋಣ. 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ ಸಿಗುವುದು 10 ಮಿಲಿವೋಲ್ಟ್. 20 ಗ್ರಾಂ ಜೀರಿಗೆಗೆ 5 ಮೈಕ್ರೋವೋಲ್ಟ್! ಇದಾದರೂ ಒಂಟಿಯಾಗಿ ಬರುವುದಿಲ್ಲ. ಬ್ರಿಡ್ಜಿನ ಎರಡೂ ತಂತಿಗಳು ಸುಮಾರು 2.5 ವೋಲ್ಟಿನಲ್ಲಿ ಕೂತಿರುತ್ತವೆ, ಮೇಲೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಬೇರೆ. ಎರಡರಲ್ಲೂ ಸಮಾನವಾಗಿರುವುದನ್ನು ಬಿಟ್ಟು, ನಡುವಿನ ವ್ಯತ್ಯಾಸವನ್ನಷ್ಟೇ ಹಿಗ್ಗಿಸಬೇಕು.

ಒಂದೇ ಆಪ್-ಆಂಪ್‌ನಿಂದ ಕಳೆಯುವ ಸರ್ಕ್ಯೂಟ್ ಕಟ್ಟಬಹುದು. ಆದರೆ ಅದರ ಇನ್‌ಪುಟ್ ರೆಸಿಸ್ಟರ್‌ಗಳು ಬ್ರಿಡ್ಜಿನಿಂದ ಕರೆಂಟ್ ಎಳೆದು ಅಳತೆಯನ್ನೇ ಕೆಡಿಸುತ್ತವೆ. ಮೂರು ಆಪ್-ಆಂಪ್‌ಗಳ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್‌ನಲ್ಲಿ ಎರಡು ತಂತಿಗಳೂ ನೇರ ಎರಡು ಆಪ್-ಆಂಪ್‌ಗಳ ಪ್ಲಸ್ ಕಾಲಿಗೆ ಹೋಗುತ್ತವೆ. ಅಲ್ಲಿ ಕರೆಂಟ್ ಬಹುತೇಕ ಹರಿಯುವುದೇ ಇಲ್ಲ. ಆ ಎರಡರ ಮೈನಸ್ ಕಾಲುಗಳ ನಡುವೆ Rg ಎಂಬ ಒಂದೇ ರೆಸಿಸ್ಟರ್. ಜಾಣತನವೆಲ್ಲ ಇರುವುದು ಇಲ್ಲೇ. ಎರಡೂ ಇನ್‌ಪುಟ್ ಒಟ್ಟಿಗೆ ಏರಿದರೆ Rgಯ ಎರಡು ತುದಿಗಳೂ ಒಟ್ಟಿಗೆ ಏರುತ್ತವೆ. ಅದರಲ್ಲಿ ಕರೆಂಟ್ ಹುಟ್ಟುವುದಿಲ್ಲ, 2.5 ವೋಲ್ಟ್ 2.5 ವೋಲ್ಟಾಗಿಯೇ ದಾಟುತ್ತದೆ. ವ್ಯತ್ಯಾಸವಿದ್ದರೆ ಮಾತ್ರ Rgಯಲ್ಲಿ ಕರೆಂಟ್ ಹರಿದು, ಅದೇ ಕರೆಂಟ್ ಎರಡು R1ಗಳಲ್ಲೂ ಹಾದು ವೋಲ್ಟೇಜನ್ನು ಹಿಗ್ಗಿಸುತ್ತದೆ. ಸಮಾನವಾಗಿ ಉಳಿದದ್ದನ್ನು ಮೂರನೆಯ ಆಪ್-ಆಂಪ್ ಕಳೆದುಹಾಕುತ್ತದೆ.

G = (1 + 2R1/Rg) × (R3/R2)

R2, R3 ಕಳೆಯುವ ಹಂತದವು. INA128 ಚಿಪ್‌ನಲ್ಲಿ ಇವು ಸಮ, R1 25 ಕಿಲೋ ಓಮ್. ಹಾಗಾಗಿ ಹೊರಗೆ Rg ಒಂದನ್ನೇ ಜೋಡಿಸಿದರೆ ಸಾಕು. 100 ಓಮ್ ಹಾಕಿದರೆ 1 + 50,000/100, ಅಂದರೆ 501. ನಮ್ಮ 10 ಮಿಲಿವೋಲ್ಟ್ 5 ವೋಲ್ಟಾಯಿತು.

ಬಿಡಿ ಆಪ್-ಆಂಪ್‌ಗಳಿಂದ ಕಟ್ಟುವವರಿಗೆ ಕಾಟ ಕೊಡುವುದು R2, R3 ಜೋಡಿಗಳೇ. 0.1 ಶೇಕಡದ ರೆಸಿಸ್ಟರ್‌ಗಳು ತೀರಾ ತಪ್ಪು ದಿಕ್ಕಿಗೆ ವಾಲಿದ್ದರೆ, ಸಮಾನ ವೋಲ್ಟೇಜಿನ ಐನೂರರಲ್ಲೊಂದು ಭಾಗ ಔಟ್‌ಪುಟ್‌ಗೆ ನುಸುಳುತ್ತದೆ: 2.5 ವೋಲ್ಟಿಗೆ 5 ಮಿಲಿವೋಲ್ಟ್. ತೂಕದಲ್ಲಿ ಅದು 40 ಗ್ರಾಂ. ಸ್ಥಿರವಾಗಿದ್ದರೆ ಟೇರ್ ಒತ್ತಿ ಅಳಿಸಬಹುದು, ಬಿಸಿಗೆ ಜರುಗಿದರೆ ಆಗದು. ರೆಸಿಸ್ಟರ್‌ಗಳನ್ನು ಲೇಸರ್‌ನಿಂದ ತಿದ್ದಿದ ಚಿಪ್‌ಗೆ ದುಡ್ಡು ಕೊಡುವುದು ಇದಕ್ಕಾಗಿಯೇ.

ಇನ್ನೊಂದು ತೊಂದರೆ ಪವರ್ ಸಪ್ಲೈಯದು. ಪೂರ್ತಿ ಭಾರದಲ್ಲಿ ಒಳಗಿನ ಒಂದು ಆಪ್-ಆಂಪ್ 2.5ಕ್ಕೆ ಇನ್ನೂ 2.5 ಸೇರಿ 5 ವೋಲ್ಟಿಗೆ ಏರಬೇಕು, ಇನ್ನೊಂದು ಸೊನ್ನೆಗೆ ಇಳಿಯಬೇಕು. ಬರೀ 5 ವೋಲ್ಟ್ ಸಪ್ಲೈ ಕೊಟ್ಟರೆ ಅದಾಗದು. ಹಗುರ ಸಾಮಾನಿನ ತೂಕ ಸರಿಯೇ ಬರುತ್ತಿದ್ದು, ಒಂದು ಮಟ್ಟ ದಾಟಿದ ಮೇಲೆ ಎಷ್ಟು ಹೇರಿದರೂ ಅಂಕಿ ಅಲ್ಲಾಡದಿದ್ದರೆ ಮೊದಲು ಇದನ್ನೇ ಶಂಕಿಸಬೇಕು. ಪ್ಲಸ್ 12, ಮೈನಸ್ 12 ಕೊಟ್ಟರೆ ಒಳಗಿನವಕ್ಕೆ ಏರಿಳಿಯಲು ಬೇಕಾದಷ್ಟು ಜಾಗ ಸಿಗುತ್ತದೆ.